ಮೊಮ್ಮಗಳಿಗೆ 18 ತುಂಬುವವರೆಗೆ ಮನೆ ಮಾರಬಾರದು: ವಿಲ್‌ನಲ್ಲಿ ಈ ಷರತ್ತು ನಿಲ್ಲುತ್ತದೆಯೇ?

ಪ್ರಶ್ನೆ: ನನಗೆ 72 ವರ್ಷ, ನಿವೃತ್ತ ಶಿಕ್ಷಕಿ. ಯಜಮಾನರು ತೀರಿಕೊಂಡಿದ್ದಾರೆ. ವಿರಾಜಪೇಟೆ ಪಟ್ಟಣದಲ್ಲಿ ನನ್ನ ಸಂಬಳದ ದುಡ್ಡಿನಲ್ಲೇ ಜಾಗ ತೆಗೆದು ಕಟ್ಟಿಸಿದ ಮನೆ ಇದೆ. ಕೆಳಗೆ ನಾವಿದ್ದೇವೆ, ಮಹಡಿ ಬಾಡಿಗೆಗೆ ಕೊಟ್ಟಿದ್ದೇವೆ. ಮಗ ವ್ಯಾಪಾರದಲ್ಲಿ ಸಾಲ ಮಾಡಿಕೊಂಡಿದ್ದಾನೆ. ಮಗಳು ಮೈಸೂರಿನಲ್ಲಿದ್ದಾಳೆ. ಮಗನಿಗೆ ಒಬ್ಬಳೇ ಮಗಳು, ಅವಳಿಗೀಗ 9 ವರ್ಷ. ಮನೆ ಮಗನಿಗೆ, ಆದರೆ ಮೊಮ್ಮಗಳಿಗೆ 18 ತುಂಬುವವರೆಗೆ ಅವನು ಮಾರಬಾರದು ಎಂದು ವಿಲ್ ಬರೆಸಿದ್ದೇನೆ. ಇನ್ನೂ ಸಹಿ ಹಾಕಿಲ್ಲ. ರಿಜಿಸ್ಟರ್ ಮಾಡಿಸಿದರೆ ಯಾರೂ ಮುರಿಯಲಾಗದು ಅನ್ನುತ್ತಾರೆ, ಹೌದೇ? 18ರ ಬದಲು 25 ಎಂದು ಹಾಕಿಸಬಹುದೇ? ಸೊಸೆ, ಮೊಮ್ಮಗಳು ಬೀದಿಗೆ ಬೀಳಬಾರದು, ಅಷ್ಟೇ ನನ್ನ ಚಿಂತೆ.

ಉತ್ತರ: ಸಹಿ ಹಾಕದೆ ಇದ್ದದ್ದು ಒಳ್ಳೆಯದಾಯಿತು. ನೀವು ಕಳಿಸಿದ ಕರಡಿನಲ್ಲಿ ಮುಖ್ಯ ವಾಕ್ಯ ಹೀಗಿದೆ: “ಸದರಿ ಮನೆಯನ್ನು ನನ್ನ ಕಾಲಾನಂತರ ನನ್ನ ಮಗನು ತನ್ನ ಹೆಸರಿಗೆ ಖಾತೆ ಮಾಡಿಸಿಕೊಂಡು, ದಾನ ವಿಕ್ರಯಾದಿ ಸಕಲ ಹಕ್ಕುಗಳೊಂದಿಗೆ ಪುತ್ರ ಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರತಕ್ಕದ್ದು. ಆದರೆ ನನ್ನ ಮೊಮ್ಮಗಳಿಗೆ 18 ವರ್ಷ ತುಂಬುವವರೆಗೆ ಸದರಿ ಮನೆಯನ್ನು ಮಾರತಕ್ಕದ್ದಲ್ಲ.”

ಮೊದಲ ವಾಕ್ಯ ಪತ್ರ ಬರಹಗಾರರು ವರ್ಷಾನುಗಟ್ಟಲೆ ಬಳಸುತ್ತಾ ಬಂದ ಅಚ್ಚು. ‘ದಾನ ವಿಕ್ರಯಾದಿ ಸಕಲ ಹಕ್ಕು’ ಅಂದರೆ ಕೊಡುವ, ಮಾರುವ, ಅಡವಿಡುವ ಪೂರ್ತಿ ಅಧಿಕಾರ. ಅದನ್ನು ಮಗನ ಕೈಗೆ ಕೊಟ್ಟ ಮರುಗಳಿಗೆಯೇ ಎರಡನೇ ವಾಕ್ಯ ಮಾರಬೇಡ ಅನ್ನುತ್ತದೆ. ಪೂರ್ತಿ ಒಡೆತನ ಕೊಟ್ಟಮೇಲೆ ಅದನ್ನು ಹೇಗೆ ಅನುಭವಿಸಬೇಕು ಎಂದು ಹಾಕುವ ಕಟ್ಟಳೆಗೆ ಕಾನೂನು ಬೆಲೆ ಕೊಡುವುದು ಕಡಿಮೆ. 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮದ 138ನೇ ಕಲಂ ಹಣದ ವಿಷಯದಲ್ಲಿ ಇದನ್ನು ನೇರವಾಗಿಯೇ ಹೇಳುತ್ತದೆ: ಸಂಪೂರ್ಣವಾಗಿ ಕೊಟ್ಟ ನಿಧಿಯನ್ನು ಇಂಥ ರೀತಿಯಲ್ಲೇ ಬಳಸಬೇಕು ಎಂದು ಬರೆದಿದ್ದರೂ, ಪಡೆಯುವವನು ಆ ನಿರ್ದೇಶನ ಇಲ್ಲವೇ ಇಲ್ಲ ಎಂಬಂತೆ ಪಡೆಯುತ್ತಾನೆ. ಬದುಕಿರುವಾಗ ಮಾಡುವ ಕ್ರಯ, ದಾನಗಳಿಗೆ 1882ರ ಆಸ್ತಿ ವರ್ಗಾವಣೆ ಅಧಿನಿಯಮದ 10ನೇ ಕಲಂ ಇದೆ. ಮಾರಾಟವನ್ನು ಪೂರ್ತಿ ತಡೆಯುವ ಷರತ್ತು ಅದರ ಪ್ರಕಾರ ಶೂನ್ಯ. ಅದೇ ತತ್ವವನ್ನು ನ್ಯಾಯಾಲಯಗಳು ವಿಲ್‌ಗಳಿಗೂ ಅನ್ವಯಿಸಿವೆ. ಒಂಬತ್ತು ವರ್ಷ ಮಾತ್ರ ತಾನೇ, ಶಾಶ್ವತವಲ್ಲವಲ್ಲ ಎಂದು ನೀವು ಕೇಳಬಹುದು. ವಾದ ಮಾಡಲು ಅಷ್ಟು ಜಾಗ ಇದೆ, ನಿಜ. ಆದರೆ ಮೊಮ್ಮಗಳ ಸೂರನ್ನು ಒಂದು ವಾದದ ಮೇಲೆ ನಿಲ್ಲಿಸಬೇಡಿ.

ಷರತ್ತು ಶೂನ್ಯವಾದರೆ ವಿಲ್ ಇಡಿಯಾಗಿ ಬಿದ್ದುಹೋಗುವುದಿಲ್ಲ ಎಂಬುದನ್ನೂ ಗಮನಿಸಿ. ಮಗನಿಗೆ ಕೊಟ್ಟದ್ದು ಹಾಗೇ ಉಳಿಯುತ್ತದೆ, ಕಟ್ಟಳೆ ಮಾತ್ರ ಉದುರುತ್ತದೆ. ನಿಮಗೆ ಬೇಡವಾದದ್ದೇ ಆಗುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ಈ ಕರಡಿನಲ್ಲಿ ಮೊಮ್ಮಗಳಿಗೆ ಏನೂ ಬಂದಿಲ್ಲ. ಅವಳ ವಯಸ್ಸನ್ನು ಗಡಿಯಾರದ ಹಾಗೆ ಬಳಸಿದ್ದೀರಿ, ಅಷ್ಟೇ. ನಾಳೆ ಮಗ ಮನೆ ಮಾರಿದರೆ ತಡೆಯಲು ಕೋರ್ಟಿಗೆ ಹೋಗುವವರು ಯಾರು? ಹೋದರೆ ‘ಈ ಮನೆಯಲ್ಲಿ ನಿನ್ನ ಹಕ್ಕು ಏನು?’ ಎಂದು ನ್ಯಾಯಾಧೀಶರು ಕೇಳುವ ಮೊದಲ ಪ್ರಶ್ನೆಗೆ ಮೊಮ್ಮಗಳ ಪರವಾಗಿ ಉತ್ತರವಿಲ್ಲ. ಮಗ ಸ್ವತಃ ಮಾರಬೇಕೆಂದೂ ಇಲ್ಲ. ಮನೆ ಅವನದ್ದಾದ ಮೇಲೆ ಸಾಲಗಾರರು ಡಿಕ್ರಿ ತಂದು ಜಪ್ತಿ ಮಾಡಿಸಬಹುದು. ‘ಮಾರತಕ್ಕದ್ದಲ್ಲ’ ಎಂದು ನೀವು ಹೇಳಿದ್ದು ಮಗನಿಗೆ, ಸಾಲ ಕೊಟ್ಟವರಿಗಲ್ಲ.

ಹಾಗಾಗಿ ಕೇಳಿಕೊಳ್ಳಬೇಕಾದದ್ದು ಮನೆ ಮಾರದಂತೆ ಹೇಗೆ ತಡೆಯುವುದು ಎಂದಲ್ಲ, ಮನೆಯನ್ನು ಯಾರ ಹೆಸರಿನಲ್ಲಿ ಇಡುವುದು ಎಂದು. ಮಾರುವ ಹಕ್ಕು ಮಗನಿಗೆ ಬರಲೇ ಇಲ್ಲ ಎಂದಾದರೆ ತಡೆಯುವ ಮಾತೇ ಬೇಕಿಲ್ಲ.

ಸುಲಭವಾಗಿ ತೋಚುವುದು ನೇರವಾಗಿ ಮೊಮ್ಮಗಳಿಗೇ ಬರೆಯುವುದು. ಹಾಗೆ ಬರೆದರೆ ಸಾಲಗಾರರ ಭಯ ಹೋಗುತ್ತದೆ, ಏಕೆಂದರೆ ಅಪ್ಪನ ಸಾಲಕ್ಕೆ ಮಗಳ ಆಸ್ತಿ ಹೊಣೆಯಲ್ಲ. ಆದರೆ ಅಪ್ರಾಪ್ತ ವಯಸ್ಸಿನ ಮಗುವಿನ ಆಸ್ತಿಯನ್ನು ನೋಡಿಕೊಳ್ಳುವ ಸಹಜ ಪೋಷಕ ಹಿಂದೂ ಕಾನೂನಿನಲ್ಲಿ ಮೊದಲು ತಂದೆ, ಅಂದರೆ ನಿಮ್ಮ ಮಗನೇ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪೋಷಕತ್ವ ಅಧಿನಿಯಮದ 8ನೇ ಕಲಂ ಅವನಿಗೆ ಲಗಾಮು ಹಾಕಿದೆ. ಕೋರ್ಟಿನ ಪೂರ್ವಾನುಮತಿ ಇಲ್ಲದೆ ಮಗುವಿನ ಸ್ಥಿರಾಸ್ತಿಯನ್ನು ಮಾರುವಂತಿಲ್ಲ, ಅಡವಿಡುವಂತಿಲ್ಲ, ಐದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆಗೂ ಕೊಡುವಂತಿಲ್ಲ. ಮಗುವಿಗೆ ಅಗತ್ಯ ಅಥವಾ ಎದ್ದು ಕಾಣುವ ಅನುಕೂಲ ಇದ್ದರೆ ಮಾತ್ರ ಅನುಮತಿ ಸಿಗುತ್ತದೆ.

ಅನುಮತಿ ಕೇಳದೆಯೇ ಮಾರಿದರೆ ಏನಾಗುತ್ತದೆ ಎಂಬುದನ್ನು ಜನ ತಪ್ಪು ತಿಳಿಯುತ್ತಾರೆ. ಆ ಕ್ರಯ ತಾನಾಗಿ ರದ್ದಾಗುವುದಿಲ್ಲ. ಮಗು ದೊಡ್ಡವಳಾದ ಮೇಲೆ ಅದನ್ನು ರದ್ದು ಮಾಡಿಸಬಹುದು, ಅಷ್ಟೇ. ಅದಕ್ಕೆ 18 ತುಂಬಿದ ಮೇಲೆ ಮೂರು ವರ್ಷದ ಗಡುವು. 21 ದಾಟಿದರೆ ಆ ದಾರಿ ಮುಚ್ಚುತ್ತದೆ. ಕಾಲೇಜಿನಲ್ಲಿರುವ ಹುಡುಗಿ ಅಪ್ಪನ ಮೇಲೆ ದಾವಾ ಹೂಡಬೇಕಾದ ಸ್ಥಿತಿ ಅದು. ಆ ಹೊತ್ತಿಗೆ ಮನೆ ಎರಡು ಕೈ ದಾಟಿರಲೂಬಹುದು. ಮೊಮ್ಮಗಳ ಪೋಷಕಿಯಾಗಿ ಮಗಳನ್ನು ನೇಮಿಸುತ್ತೇನೆ ಎಂದು ನೀವು ವಿಲ್‌ನಲ್ಲಿ ಬರೆದರೆ ಅದೂ ನಿಲ್ಲದು. ಆ ಅಧಿನಿಯಮದಲ್ಲಿ ವಿಲ್ ಮೂಲಕ ಪೋಷಕರನ್ನು ನೇಮಿಸುವ ಅಧಿಕಾರ ಇರುವುದು ತಂದೆತಾಯಿಗೆ ಮಾತ್ರ, ಅಜ್ಜ ಅಜ್ಜಿಗೆ ಇಲ್ಲ.

ಆದರೆ ನಿಮ್ಮ ಆಸ್ತಿಗೆ ಟ್ರಸ್ಟಿಗಳನ್ನು ನೇಮಿಸುವ ಅಧಿಕಾರ ನಿಮಗಿದೆ. ನಿಮಗೆ ನಾನು ಸೂಚಿಸುವುದು ಇದನ್ನೇ. ಟ್ರಸ್ಟ್ ಎಂದ ಕೂಡಲೇ ಸಂಸ್ಥೆ, ಕಚೇರಿ ಎಂದೆಲ್ಲ ಯೋಚಿಸಬೇಡಿ. 1882ರ ಭಾರತೀಯ ನ್ಯಾಸ ಅಧಿನಿಯಮದ ಪ್ರಕಾರ ಸ್ಥಿರಾಸ್ತಿಯ ಮೇಲಿನ ಟ್ರಸ್ಟನ್ನು ವಿಲ್‌ನಲ್ಲೇ ಹುಟ್ಟುಹಾಕಬಹುದು, ಬೇರೆ ಪತ್ರ ಬೇಡ. ಮನೆ ಟ್ರಸ್ಟಿಗಳ ಕೈಗೆ ಹೋಗುತ್ತದೆ, ಲಾಭವೆಲ್ಲ ಮೊಮ್ಮಗಳದ್ದು. ಟ್ರಸ್ಟಿಗಳ ವಶದಲ್ಲಿರುವ ಮನೆಯನ್ನು ಪೋಷಕನೆಂಬ ನೆಲೆಯಲ್ಲಿ ಮಗ ಮಾರಲಾರ. ವಾಕ್ಯಗಳು ಹೆಚ್ಚುಕಡಿಮೆ ಹೀಗಿರಲಿ:

“ಸದರಿ ಮನೆಯು ನನ್ನ ಮರಣದ ದಿನದಿಂದಲೇ ನನ್ನ ಮೊಮ್ಮಗಳ ಸ್ವತ್ತಾಗತಕ್ಕದ್ದು. ಆಕೆಗೆ 18 ವರ್ಷ ತುಂಬುವವರೆಗೆ ಕೆಳಕಂಡ ಇಬ್ಬರು ಟ್ರಸ್ಟಿಗಳು ಆಕೆಯ ಪರವಾಗಿ ಅದನ್ನು ವಹಿಸಿಕೊಂಡು, ಮಹಡಿಯ ಬಾಡಿಗೆಯಿಂದ ಕಂದಾಯ, ದುರಸ್ತಿ ಹಾಗೂ ಆಕೆಯ ವಿದ್ಯಾಭ್ಯಾಸದ ಖರ್ಚು ನಿಭಾಯಿಸತಕ್ಕದ್ದು. ಆಕೆಗೆ 18 ತುಂಬಿದ ದಿನ ಟ್ರಸ್ಟ್ ಕೊನೆಗೊಂಡು ಮನೆಯ ಸ್ವಾಧೀನ ಆಕೆಗೆ ಸೇರತಕ್ಕದ್ದು.”

‘ನನ್ನ ಮರಣದ ದಿನದಿಂದಲೇ ಸ್ವತ್ತು’ ಎಂಬ ಮಾತನ್ನು ಬಿಡಬೇಡಿ. ಅದರ ಬದಲು ‘18 ತುಂಬಿದರೆ ಮನೆ ಮೊಮ್ಮಗಳಿಗೆ ಸೇರತಕ್ಕದ್ದು’ ಎಂದು ಬರೆದರೆ ಅರ್ಥವೇ ಬದಲಾಗುತ್ತದೆ. ಮೊದಲನೆಯದರಲ್ಲಿ ಹಕ್ಕು ಕೂಡಲೇ ಅವಳಿಗೆ ಬಂದಿದೆ, ಕೈಗೆ ಸಿಗುವುದು ಮಾತ್ರ ಮುಂದೆ. ಎರಡನೆಯದರಲ್ಲಿ ಹಕ್ಕೇ ಇನ್ನೂ ಬಂದಿಲ್ಲ, 18 ತುಂಬಿದರೆ ಬರುತ್ತದೆ. ಉತ್ತರಾಧಿಕಾರ ಅಧಿನಿಯಮದ 119 ಮತ್ತು 120ನೇ ಕಲಂಗಳು ಈ ಎರಡನ್ನು ಬೇರೆ ಬೇರೆಯಾಗಿ ನೋಡುತ್ತವೆ. ಹಕ್ಕು ಇನ್ನೂ ಬಾರದ ಒಂಬತ್ತು ವರ್ಷ ಮನೆ ಯಾರದ್ದು, ಬಾಡಿಗೆ ಯಾರದ್ದು ಎಂಬ ಜಗಳಕ್ಕೆ ನೀವೇ ಬಾಗಿಲು ತೆರೆದಂತೆ. ಆ ಖಾಲಿ ಜಾಗಕ್ಕೆ ವಾರಸುದಾರರಾಗಿ ಮೊದಲು ಕಾಲಿಡುವವರು ಮಗ ಮತ್ತು ಮಗಳು.

ಬರೆಯಲು ಮನಸ್ಸು ಬಾರದ, ಆದರೂ ಬರೆಯಲೇಬೇಕಾದ ವಾಕ್ಯ ಒಂದಿದೆ. ಮಗುವಿಗೆ 18 ತುಂಬುವ ಮೊದಲೇ ಏನಾದರೂ ಆದರೆ? ಹಕ್ಕು ಅವಳಿಗೆ ಬಂದಾಗಿರುವುದರಿಂದ ಮನೆ ಅವಳ ವಾರಸುದಾರರಿಗೆ ಹೋಗುತ್ತದೆ. ಮದುವೆಯಾಗದ, ಮಕ್ಕಳಿಲ್ಲದ ಹಿಂದೂ ಹುಡುಗಿಯ ವಾರಸುದಾರರು ತಾಯಿ ಮತ್ತು ತಂದೆ, ಸಮಪಾಲು. ಅರ್ಧ ಮನೆ ಮಗನಿಗೆ, ಅಲ್ಲಿಂದ ಸಾಲಗಾರರಿಗೆ. ಅದು ಬೇಡವಾದರೆ ‘ಆಕೆ 18 ತುಂಬುವ ಮೊದಲೇ ಮಕ್ಕಳಿಲ್ಲದೆ ತೀರಿಕೊಂಡಲ್ಲಿ ಮನೆ ನನ್ನ ಸೊಸೆಗೆ’ ಎಂದೋ ‘ನನ್ನ ಮಗಳಿಗೆ’ ಎಂದೋ ನೇರವಾಗಿ ಹೆಸರಿಸಿ. ಕಾನೂನು ಇಂಥ ಎರಡನೇ ಕೊಡುಗೆಯನ್ನು ಒಪ್ಪುತ್ತದೆ.

ಸೊಸೆಯ ವಿಷಯ. ಅವರಿಗೆ ‘ಜೀವನಪರ್ಯಂತ ಹಕ್ಕು’ ಕೊಡಿ ಎಂದು ಯಾರಾದರೂ ಹೇಳಿದರೆ ಪದ ನೋಡಿ ಬರೆಸಿ. ಮನೆಯ ಮೇಲೆ ಜೀವಮಾನದ ಹಕ್ಕು ಎಂದರೆ ಅದೂ ಒಂದು ಆಸ್ತಿ. ಆ ಹಕ್ಕನ್ನು ಬಾಳುವಷ್ಟು ಕಾಲಕ್ಕೆ ಮಾರಬಹುದು, ಅದರ ಮೇಲೆ ಜಪ್ತಿಯೂ ಬರಬಹುದು. ಮಗನಿಗೆ ಜೀವಮಾನದ ಹಕ್ಕು ಕೊಟ್ಟು ಆಮೇಲೆ ಮೊಮ್ಮಗಳಿಗೆ ಎಂದು ಬರೆಯುವ ವಾಡಿಕೆಯಲ್ಲಿ ಇರುವ ಅಪಾಯ ಇದೇ. ಬದಲಿಗೆ ‘ಸದರಿ ಮನೆಯ ಕೆಳಮಹಡಿಯಲ್ಲಿ ಖುದ್ದಾಗಿ ವಾಸ ಮಾಡುವ ಹಕ್ಕು ಮಾತ್ರ, ಇದನ್ನು ಬೇರೆಯವರಿಗೆ ವಹಿಸತಕ್ಕದ್ದಲ್ಲ’ ಎಂದು ಬರೆಯಿರಿ. ಒಬ್ಬರ ಸ್ವಂತ ಅನುಭೋಗಕ್ಕಷ್ಟೇ ಸೀಮಿತವಾದ ಹಕ್ಕನ್ನು ವರ್ಗಾಯಿಸುವಂತಿಲ್ಲ ಎಂದು ಆಸ್ತಿ ವರ್ಗಾವಣೆ ಅಧಿನಿಯಮದ 6ನೇ ಕಲಂ ಹೇಳುತ್ತದೆ. ಇಲ್ಲಿ ಕಾನೂನೇ ನಿಮ್ಮ ಪರ. ಮಗನೂ ಅದೇ ಮನೆಯಲ್ಲಿ ಇರಲಿ ಎಂಬುದು ನಿಮ್ಮ ಆಸೆಯಾದರೆ ಅವನಿಗೂ ಇಷ್ಟೇ ಹಕ್ಕು ಕೊಡಿ, ಇದಕ್ಕಿಂತ ಹೆಚ್ಚು ಬೇಡ. ಸೂರು ಉಳಿಯುತ್ತದೆ, ಸಾಲಗಾರರಿಗೆ ಹಿಡಿಯಲು ಏನೂ ಸಿಗುವುದಿಲ್ಲ.

ಇನ್ನು 25ರ ಮಾತು. ಮೊಮ್ಮಗಳು ಈಗಾಗಲೇ ಹುಟ್ಟಿರುವುದರಿಂದ 25 ಎಂದು ಬರೆಯಲು ಅಡ್ಡಿಯಿಲ್ಲ. ಇನ್ನೂ ಹುಟ್ಟದ ಮೊಮ್ಮಕ್ಕಳಿಗೆ ಬರೆಯುವುದಾದರೆ ಆಸ್ತಿಯನ್ನು ಎಷ್ಟು ಕಾಲ ಕಟ್ಟಿಡಬಹುದು ಎಂಬ ಮಿತಿ ಅಡ್ಡ ಬರುತ್ತದೆ, ಅಲ್ಲಿ 18 ದಾಟಬಾರದು. ಆದರೆ ಬರೆದ 25 ನಡೆಯುತ್ತದೆಯೇ ಎಂಬುದು ಬೇರೆ ಪ್ರಶ್ನೆ. ನ್ಯಾಸ ಅಧಿನಿಯಮದ 56ನೇ ಕಲಂ ಪ್ರಕಾರ, ಟ್ರಸ್ಟಿನ ಲಾಭ ಪಡೆಯುವವರು ಒಬ್ಬರೇ ಆಗಿದ್ದು ಅವರು ಒಪ್ಪಂದ ಮಾಡುವ ವಯಸ್ಸಿಗೆ ಬಂದಿದ್ದರೆ, ಆಸ್ತಿಯನ್ನು ತನಗೆ ಒಪ್ಪಿಸು ಎಂದು ಟ್ರಸ್ಟಿಯನ್ನು ಕೇಳಬಹುದು. ಅಂದರೆ ಮನೆ ಪೂರ್ತಿ ಅವಳೊಬ್ಬಳದ್ದೇ ಎಂದು ಬರೆದು 25ರವರೆಗೆ ಕಾಯಿಸಿದರೆ, 18 ತುಂಬಿದ ಮರುದಿನವೇ ಅವಳು ಕೇಳಬಹುದು. ಅವಳೇ ಕೇಳಬೇಕೆಂದಿಲ್ಲ, ಪಕ್ಕದಲ್ಲಿ ಕೂತು ಕೇಳಿಸುವವರು ಇದ್ದರೂ ಸಾಕು. ಅವಳಿಗೆ 25 ತುಂಬುವವರೆಗೆ ಸೊಸೆಗೂ ಮನೆಯಲ್ಲಿ ವಾಸದ ಹಕ್ಕು ಇದೆ, 25ರ ಮೊದಲು ಮೊಮ್ಮಗಳು ತೀರಿಕೊಂಡರೆ ಮನೆ ಮಗಳಿಗೆ ಹೋಗುತ್ತದೆ ಎಂದು ಬರೆದರೆ ಲಾಭ ಪಡೆಯುವವರು ಅವಳೊಬ್ಬಳೇ ಅಲ್ಲ ಎಂದಾಗುತ್ತದೆ. ಆಗ ಎಲ್ಲರೂ ಒಪ್ಪದೆ ಟ್ರಸ್ಟ್ ಮುರಿಯುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ 21 ಸಾಕು, ಅದೂ ಈ ಎರಡು ಮಾತುಗಳ ಜೊತೆಗೆ. ಓದು ಮುಗಿಸಿ, ಮುಂದೆ ಓದಲು ಅಥವಾ ಮನೆ ಕಟ್ಟಲು ಸಾಲ ಬೇಕಾದ ವಯಸ್ಸಿನಲ್ಲಿ ತನ್ನದೇ ಮನೆಯ ಕಾಗದ ಕೈಗೆ ಸಿಗದಂತೆ ಮಾಡುವುದು ಅವಳಿಗೂ ಒಳ್ಳೆಯದಲ್ಲ.

ಮಾರಲೇಬಾರದು ಎಂಬ ಕಟ್ಟು ಟ್ರಸ್ಟಿಗಳಿಗೆ ಹಾಕಬಹುದು, ಆದರೆ ಕೊಡಗಿನಲ್ಲಿ ಅದನ್ನು ಬಿಗಿಯಾಗಿ ಹಾಕಬೇಡಿ ಅನ್ನುತ್ತೇನೆ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತ ಗುಡ್ಡ ಜರಿದಾಗ ನಿಂತ ಮನೆ ನಿಂತಲ್ಲೇ ವಾಸಕ್ಕೆ ಅಯೋಗ್ಯವಾದದ್ದನ್ನು ನೀವೂ ನೋಡಿದ್ದೀರಿ. ಅಂಥ ಮನೆಯನ್ನು ವಿಲ್‌ನ ಕಾರಣಕ್ಕೆ ಮಾರಲೂ ಆಗದೆ, ದುರಸ್ತಿಗೆ ದುಡ್ಡೂ ಇಲ್ಲದೆ ಒಂಬತ್ತು ಮಳೆಗಾಲ ಕಾಯುವುದು ಆಸ್ತಿ ಕಾಪಾಡುವ ಕೆಲಸವಲ್ಲ. ಮನೆ ವಾಸಕ್ಕೆ ಯೋಗ್ಯವಲ್ಲ ಎಂದು ಎಂಜಿನಿಯರ್ ಬರೆದುಕೊಟ್ಟರೆ, ಅಥವಾ ಮೊಮ್ಮಗಳ ದೊಡ್ಡ ಕಾಯಿಲೆಗೆ ಬೇರೆ ದಾರಿ ಇಲ್ಲದಿದ್ದರೆ, ಇಬ್ಬರು ಟ್ರಸ್ಟಿಗಳೂ ಸೇರಿ ಜಿಲ್ಲಾ ನ್ಯಾಯಾಲಯದ ಅಪ್ಪಣೆ ಪಡೆದು ಮಾರಬಹುದು ಎಂದು ಬರೆಸಿ. ಬಂದ ಹಣ ಪೂರ್ತಿ ಮೊಮ್ಮಗಳ ಹೆಸರಿನ ಠೇವಣಿಗೆ ಹೋಗಬೇಕು ಅಥವಾ ಅದರಲ್ಲಿ ಅವಳಿಗೆ ಬೇರೆ ಮನೆ ತೆಗೆಯಬೇಕು ಎಂಬುದೂ ಇರಲಿ. ರಸ್ತೆಗೆಂದು ಜಾಗ ಭೂಸ್ವಾಧೀನವಾದರೆ ಬರುವ ಪರಿಹಾರಕ್ಕೂ ಇದೇ ಮಾತು. ಜೊತೆಗೆ ದುರಸ್ತಿಗೆ ಒಂದಿಷ್ಟು ಹಣ ಇಡಿ. ಮಹಡಿ ಖಾಲಿ ಬಿದ್ದ ವರ್ಷ ಮಾಡು ಸೋರಿದರೆ ಟ್ರಸ್ಟಿಗಳು ಸ್ವಂತ ಜೇಬಿಗೆ ಕೈಹಾಕಲಾರರು. ಆ ಹಣ ಎಫ್‌ಡಿಯಲ್ಲಿದ್ದರೆ ನಾಮಿನಿ ಯಾರೆಂದು ನೋಡಿ. ನಾಮಿನಿ ಹಣದ ಒಡೆಯನಲ್ಲ, ಆದರೆ ಬ್ಯಾಂಕು ಮೊದಲು ಕೊಡುವುದು ಅವನ ಕೈಗೇ.

ರಿಜಿಸ್ಟರ್ ಮಾಡಿಸಿದರೆ ಮುರಿಯಲಾಗದು ಎಂಬುದು ಅರ್ಧ ಸತ್ಯವೂ ಅಲ್ಲ. ವಿಲ್‌ಗೆ ನೋಂದಣಿ ಕಡ್ಡಾಯವಿಲ್ಲ, ಮುದ್ರಾಂಕ ಶುಲ್ಕವೂ ಇಲ್ಲ. ನೋಂದಾಯಿಸಿದರೂ ನೀವು ಬದುಕಿರುವವರೆಗೆ ಯಾವಾಗ ಬೇಕಾದರೂ ಬದಲಿಸಬಹುದು. ನಿಮ್ಮ ನಂತರ ಯಾರಾದರೂ ತಕರಾರು ತೆಗೆದರೆ, ನೋಂದಣಿಯಾಗಿದ್ದರೂ ಸಾಕ್ಷಿಗಳಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ನಿಮ್ಮ ಸಹಿ ಕಂಡದ್ದನ್ನು ಹೇಳಬೇಕು. ಶೂನ್ಯವಾದ ಷರತ್ತನ್ನು ನೋಂದಣಿ ಊರ್ಜಿತ ಮಾಡುವುದಿಲ್ಲ. ಆದರೂ ನೋಂದಾಯಿಸಿ ಎಂದೇ ಹೇಳುತ್ತೇನೆ, ಬೇರೆ ಕಾರಣಕ್ಕೆ. ಕಾಗದ ಕಳೆದರೂ, ಯಾರಾದರೂ ಬಚ್ಚಿಟ್ಟರೂ, ಮರಣ ಪ್ರಮಾಣಪತ್ರ ತೋರಿಸಿ ಉಪನೋಂದಣಿ ಕಚೇರಿಯಲ್ಲಿ ದೃಢೀಕೃತ ನಕಲು ಪಡೆಯಬಹುದು. ಸಾಕ್ಷಿಗಳು ಇಬ್ಬರೂ ನಿಮಗಿಂತ ಚಿಕ್ಕವರಿರಲಿ, ವಿಲ್‌ನಲ್ಲಿ ಏನೂ ಪಡೆಯದವರಿರಲಿ.

ಎಲ್ಲಿ ಎಡವುತ್ತದೆ ಎಂದರೆ ಇಲ್ಲಿ. ವಿಲ್ ನೋಂದಣಿಯಾಗುವುದು ಉಪನೋಂದಣಿ ಕಚೇರಿಯ 3ನೇ ಪುಸ್ತಕದಲ್ಲಿ. ಮನೆ ಕೊಳ್ಳುವವರು ತೆಗೆಸುವ ಇ.ಸಿ., ಅಂದರೆ ಋಣಭಾರ ಪತ್ರ, ತಯಾರಾಗುವುದು 1ನೇ ಪುಸ್ತಕದಿಂದ. ಹಾಗಾಗಿ ನಿಮ್ಮ ವಿಲ್ ಇ.ಸಿ.ಯಲ್ಲಿ ಕಾಣುವುದಿಲ್ಲ. ನಿಮ್ಮ ನಂತರ ಮಗ ವಿಲ್‌ನ ಸುದ್ದಿಯೇ ಎತ್ತದೆ, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಇಟ್ಟು ವಾರಸಾ ಖಾತೆಗೆ ಅರ್ಜಿ ಹಾಕಿದರೆ, ತಂಗಿಯ ಒಪ್ಪಿಗೆಯ ಸಹಿ ಹೇಗೋ ತಂದರೆ, ಪಟ್ಟಣದ ಖಾತೆ ಅವನ ಹೆಸರಿಗೆ ಬಂದುಬಿಡಬಹುದು. ಖಾತೆ ಒಡೆತನ ಕೊಡುವುದಿಲ್ಲ, ನಿಜ. ಆದರೆ ಕೊಳ್ಳುವವನು ನೋಡುವುದು ಖಾತೆಯನ್ನೇ. ಹಾಗಾಗಿ ಟ್ರಸ್ಟಿಗಳಿಗೆ ಈಗಲೇ ವಿಷಯ ಹೇಳಿ, ಒಪ್ಪಿಗೆ ಪಡೆದು, ವಿಲ್‌ನ ನಕಲೊಂದನ್ನು ಅವರ ಬಳಿ ಇಡಿ. ಅವರನ್ನೇ ವಿಲ್ ಜಾರಿಗೊಳಿಸುವ ಎಕ್ಸಿಕ್ಯೂಟರ್ ಆಗಿಯೂ ಹೆಸರಿಸಿ. ಕಾಲ ಬಂದಾಗ ಅವರು ವಾರದೊಳಗೆ ಸ್ಥಳೀಯ ಸಂಸ್ಥೆಯ ಕಚೇರಿಗೆ ಹೋಗಿ, ವಿಲ್‌ನ ದೃಢೀಕೃತ ನಕಲು ಲಗತ್ತಿಸಿ, ಖಾತೆಯನ್ನು ಅಪ್ರಾಪ್ತ ಮೊಮ್ಮಗಳ ಪರ ಟ್ರಸ್ಟಿಗಳು ಎಂದು ಬದಲಿಸಲು ಅರ್ಜಿ ಕೊಡಲಿ, ಬೇರೆ ಯಾರ ಅರ್ಜಿಯನ್ನೂ ತಮಗೆ ನೋಟಿಸ್ ಕೊಡದೆ ಪರಿಗಣಿಸಬಾರದು ಎಂದು ತಕರಾರನ್ನೂ ಸಲ್ಲಿಸಿ ಸ್ವೀಕೃತಿ ಪಡೆಯಲಿ. ಕೊಡಗಿನಲ್ಲಿ ಹಿಂದೂಗಳ ವಿಲ್‌ಗೆ ಪ್ರೊಬೇಟ್, ಅಂದರೆ ವಿಲ್ ನಿಜವೆಂಬ ಕೋರ್ಟಿನ ದೃಢೀಕರಣ, ಕಡ್ಡಾಯವಲ್ಲ. ತಕರಾರು ಬರುವ ಲಕ್ಷಣ ಕಂಡರೆ ಎಕ್ಸಿಕ್ಯೂಟರ್ ಮಡಿಕೇರಿಯ ಜಿಲ್ಲಾ ನ್ಯಾಯಾಲಯದಲ್ಲಿ ಅದನ್ನು ಪಡೆಯುವುದು ಲೇಸು.

ಮನೆಯ ಮೂಲ ಕ್ರಯಪತ್ರ ಈಗ ಎಲ್ಲಿದೆ? ಮಗನ ಬೀರುವಿನಲ್ಲಿದ್ದರೆ ಇಂದೇ ತೆಗೆದುಕೊಳ್ಳಿ. ಮೂಲ ಪತ್ರ ಒತ್ತೆಯಿಟ್ಟು ಸಾಲ ತೆಗೆಯುವುದು ನಮ್ಮಲ್ಲಿ ಸಾಮಾನ್ಯ. ಅಂಥ ಒತ್ತೆ ಕಾನೂನಿನಲ್ಲಿ ನಿಲ್ಲದಿದ್ದರೂ ಪತ್ರ ಬಿಡಿಸಿಕೊಳ್ಳಲು ಟ್ರಸ್ಟಿಗಳು ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ನಿಮ್ಮ ಮತ್ತು ಮಗಳ ಜಂಟಿ ಲಾಕರ್ ಇದ್ದರೆ ಅದರಲ್ಲಿಡಿ.

ನಿಮ್ಮ ಮನೆ ಸ್ವಂತ ಸಂಪಾದನೆಯ ಪಟ್ಟಣದ ಜಾಗದಲ್ಲಿರುವುದರಿಂದ ಇಷ್ಟೆಲ್ಲ ಸಾಧ್ಯ. ಒಕ್ಕದ, ಅಂದರೆ ಇಡೀ ಕುಲದ, ಹೆಸರಿನ ಜಮ್ಮಾ ಜಾಗವೋ ಕುಲದ ಮೂಲಮನೆಯಾದ ಐನ್‌ಮನೆಯೋ ಆಗಿದ್ದರೆ ವಿಲ್‌ನಲ್ಲಿ ಬರೆಯಬಹುದಾದದ್ದು ಬರೆಯುವವರ ಪಾಲನ್ನಷ್ಟೇ, ಇಡೀ ಮನೆಯನ್ನಲ್ಲ. ಆರ್‌ಟಿಸಿಯಲ್ಲಿ ಯಾರ್‍ಯಾರ ಹೆಸರಿದೆ ಎಂದು ನೋಡದೆ ಅಲ್ಲಿ ಒಂದು ಸಾಲೂ ಬರೆಯಬಾರದು. ಇದನ್ನು ಓದುತ್ತಿರುವ ಕ್ರೈಸ್ತರು ಸಾಕ್ಷಿಯ ವಿಷಯದಲ್ಲಿ ಇನ್ನೂ ಎಚ್ಚರವಿರಬೇಕು. ಸಾಕ್ಷಿ ಹಾಕಿದವರಿಗೂ ಅವರ ಪತಿ ಅಥವಾ ಪತ್ನಿಗೂ ಕೊಟ್ಟದ್ದು ಅವರ ಕಾನೂನಿನಲ್ಲಿ ಶೂನ್ಯ. ಮುಸ್ಲಿಮರಿಗೆ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರೆಯಲಾಗದು.

ಟ್ರಸ್ಟಿಗಳಲ್ಲಿ ಒಬ್ಬರು ಮಗಳಾಗಲಿ, ಇನ್ನೊಬ್ಬರು ನಿಮ್ಮ ಕುಟುಂಬದ ಹೊರಗಿನವರಾಗಲಿ, 60 ದಾಟಿರದಿರಲಿ, ವಿರಾಜಪೇಟೆಯ ಸುತ್ತಮುತ್ತಲೇ ಇರುವವರಾಗಲಿ, ಬಾಡಿಗೆ ವಸೂಲಿಗೂ ಮಾಡು ನೋಡುವುದಕ್ಕೂ ಅನುಕೂಲ. ಒಬ್ಬರು ತೀರಿಕೊಂಡರೆ ಅಥವಾ ಒಲ್ಲೆ ಎಂದರೆ ಆ ಜಾಗಕ್ಕೆ ಯಾರು ಎಂದು ಮೂರನೆಯ ಹೆಸರೂ ಇರಲಿ. ನೀವು ಇನ್ನು ಹತ್ತು ವರ್ಷ ಆರೋಗ್ಯವಾಗಿದ್ದರೆ ಮೊಮ್ಮಗಳಿಗೆ 19 ಆಗಿರುತ್ತದೆ. 18 ಎಂದು ಬರೆದಿದ್ದರೆ ಟ್ರಸ್ಟ್ ಶುರುವೇ ಆಗದೆ ಮನೆ ನೇರವಾಗಿ ಅವಳ ಕೈಗೆ ಹೋಗುತ್ತದೆ, 21 ಎಂದಿದ್ದರೆ ಎರಡು ವರ್ಷಕ್ಕಷ್ಟೇ ಬೇಕಾಗುತ್ತದೆ. ಹಳೆಯ ಕರಡನ್ನು ಹರಿದುಹಾಕಿ. ಹೊಸದರಲ್ಲಿ ‘ದಾನ ವಿಕ್ರಯಾದಿ ಸಕಲ ಹಕ್ಕು’ ಎಂಬ ಮಾತು ಮಗನ ಹೆಸರಿನ ಪಕ್ಕದಲ್ಲಿ ಎಲ್ಲೂ ಉಳಿದಿಲ್ಲ ಎಂದು ಸಹಿ ಹಾಕುವ ಮುನ್ನ ನೀವೇ ಕನ್ನಡಕ ಹಾಕಿಕೊಂಡು ಓದಿ ನೋಡಿ.